ಯಾವ ವಿಷಯಕ್ಕೆ ಅಂತ ಹೇಳಲಿ?

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಆ ಪೂಜಾರಿಯ ಕೆಲಸ ನನ್ನದು. ಇಪ್ಪತ್ತೆಂಟು ವರ್ಷದಿಂದ ಬೇರೆಬೇರೆ ಆಫೀಸುಗಳ ಬಾಗಿಲ ಹತ್ತಿರದ ಮೇಜಿನಲ್ಲಿ ಕೂತು, ಬಂದ ಫೋನು ಎತ್ತಿ, ಯಾರು, ಎಲ್ಲಿಂದ, ಯಾವ ವಿಷಯಕ್ಕೆ ಅಂತ ಹೇಳಲಿ ಎಂದು ಕೇಳಿ, ಆಮೇಲೆ ಸಾಹೇಬರು ಮೀಟಿಂಗಿನಲ್ಲಿದ್ದಾರೆ ಅಂದಿದ್ದೇನೆ. ಅವರಲ್ಲಿ ಅರ್ಧದಷ್ಟು ಸಾಹೇಬರು ಆ ಹೊತ್ತಿಗೆ ಕಾಲು ಚಾಚಿ ಪೇಪರ್ ಓದುತ್ತಿದ್ದರು. ಅದರ ಪಾಪ ನನಗೆ ಅಂಟಿಲ್ಲ ಅಂದುಕೊಂಡಿದ್ದೇನೆ. ಅಂಟಿದ್ದು ಒಂದೇ ಒಂದು ಫೋನಿನ ಪಾಪ. ಅದನ್ನು ಹೇಳಬೇಕಾದರೆ ಮೊದಲು ದೊಡ್ಡಕ್ಕನ ವಿಷಯ ಹೇಳಬೇಕು.

ನನ್ನ ಮೊದಲ ಕೆಲಸ ಬೆಂಕಿ ಆರಿಸುವ ಸಿಲಿಂಡರ್ ಮಾರುವ ಒಂದು ಚಿಕ್ಕ ಕಂಪನಿಯಲ್ಲಿ. ಗೋಡೆಗೆ ನೇತುಹಾಕುವ ಕೆಂಪು ಸಿಲಿಂಡರ್, ಎಲ್ಲರೂ ನೋಡಿರುತ್ತಾರೆ, ಯಾರೂ ಸರಿಯಾಗಿ ನೋಡಿರುವುದಿಲ್ಲ. ಹೊಸದು ಮಾರುವುದು, ಹಳೆಯದಕ್ಕೆ ವರ್ಷಕ್ಕೊಮ್ಮೆ ಪುಡಿ ಮತ್ತು ಗ್ಯಾಸು ತುಂಬಿಕೊಡುವುದು, ಇಷ್ಟೇ ವ್ಯಾಪಾರ. ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ಆಫೀಸು. ಒಳಗೆ ಯಜಮಾನರ ಗಾಜಿನ ಕೋಣೆ, ಹೊರಗೆ ಎರಡು ಮೇಜು. ಬರುವ ಫೋನು ಎತ್ತುವವಳು ನಾನು, ಹೋಗುವ ಫೋನು ಮಾಡುವವಳು ಆಫೀಸಿನವರೆಲ್ಲ ದೊಡ್ಡಕ್ಕ ಅನ್ನುತ್ತಿದ್ದ ಹೆಂಗಸು. ಮೊಬೈಲು ಇನ್ನೂ ದೊಡ್ಡವರ ಜೇಬಿನಲ್ಲಿ ಮಾತ್ರ ಇದ್ದ ಕಾಲ ಅದು. ನಮ್ಮಿಬ್ಬರ ನಡುವೆ ಒಂದು ಮೊಳ ಜಾಗವಿತ್ತು. "ನೀನು ವೈರಿ ಪಾಳೆಯದವಳು ಪುಟ್ಟಿ, ನಿನ್ನ ಮುಂದೆ ನನ್ನ ಗುಟ್ಟು ಬಿಡೋದು ನನ್ನ ದಡ್ಡತನ," ಎಂದು ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದಳು. ಹೇಳಿ ಎಲ್ಲ ಗುಟ್ಟನ್ನೂ ಬಿಡುತ್ತಿದ್ದಳು.

ಆಗ ಅವಳಿಗೆ ನಲವತ್ತಾರು. ಗಂಡ ಶಾಲೆಯ ವ್ಯಾನ್ ಓಡಿಸುತ್ತಿದ್ದ, ಮಗಳು ನರ್ಸಿಂಗ್ ಓದುತ್ತಿದ್ದಳು, ಮನೆಯಲ್ಲಿ ಕಿವಿ ಮಂದವಾದ ಅತ್ತೆ. ದಪ್ಪನೆಯ ಹೆಂಗಸು. ಕುರ್ಚಿಯಲ್ಲಿ ಕೂತರೆ ಕುರ್ಚಿಯೇ ಕ್ಷಮೆ ಕೇಳುತ್ತಿತ್ತು. ಧ್ವನಿ ಮಾತ್ರ ಇಪ್ಪತ್ತರ ಹುಡುಗಿಯದು. ಹದಿನೆಂಟು ವರ್ಷ ಫೋನಿನಲ್ಲೇ ಮಾರಾಟ ಮಾಡಿದ್ದಳು, ಕೊಂಡವರಲ್ಲಿ ಹತ್ತು ಜನರ ಮುಖವನ್ನೂ ಕಂಡಿರಲಿಲ್ಲ.

ಮೇಜಿನ ಮೇಲೆ ಒಂದು ಚಪ್ಪಲಿ ಡಬ್ಬ. ಅದರ ತುಂಬ ರಟ್ಟಿನ ಕಾರ್ಡುಗಳು, ಒಂದು ಕಂಪನಿಗೆ ಒಂದು. ಕಾರ್ಡಿನ ಮೇಲ್ಭಾಗದಲ್ಲಿ ಸಾಹೇಬರ ಹೆಸರು ಚಿಕ್ಕದಾಗಿ. ಕೆಳಗೆ ಫೋನೆತ್ತುವವರ ಸಂಗತಿ ದೊಡ್ಡದಾಗಿ: ಮಗನಿಗೆ ಹತ್ತನೇ ಕ್ಲಾಸು, ಸೋಮವಾರ ಸಿಡುಕು, ಊಟ ಒಂದೂಕಾಲಿಗೆ, ಆಗ ಬದಲಿಗೆ ಕೂರುವವಳು ಮೆತ್ತಗೆ. "ಸಾಹೇಬರನ್ನ ಒಪ್ಪಿಸೋದು ಐದು ನಿಮಿಷದ ಕೆಲಸ. ಸಾಹೇಬರ ತನಕ ಹೋಗೋದು ಐದು ತಿಂಗಳಿನ ಕೆಲಸ. ಸಂಬಳ ಆ ಐದು ತಿಂಗಳಿಗೆ," ಎನ್ನುತ್ತಿದ್ದಳು.

ಅವಳ ನಿಯಮಗಳು ನನಗೆ ಈಗಲೂ ಬಾಯಿಪಾಠ. ಫೋನೆತ್ತುವವಳ ಹತ್ತಿರ ಮಾರಾಟದ ಮಾತು ಎತ್ತಕೂಡದು, ಬೇಡ ಅನ್ನುವುದು ಅವಳ ಕೈಲಿದೆ, ಬೇಕು ಅನ್ನುವುದು ಅವಳ ಕೈಲಿಲ್ಲ. ಮೊದಲು ಅವಳ ಸಹಾಯ ಕೇಳಬೇಕು: ನಿಮ್ಮಲ್ಲಿ ಸಿಲಿಂಡರ್ ವಿಷಯ ಯಾರು ನೋಡಿಕೊಳ್ಳುತ್ತಾರಮ್ಮ, ಯಾವ ಹೊತ್ತಿಗೆ ಮಾಡಿದರೆ ಅವರಿಗೆ ತೊಂದರೆಯಿಲ್ಲ? ಯಾವ ವಿಷಯ ಅಂತ ಕೇಳಿದರೆ ತಡವರಿಸದೆ ಒಂದೇ ಸಾಲಿನಲ್ಲಿ ಹೇಳಬೇಕು. ತಿಳಿಸಿಬಿಡಿ ಅಂತ ಸುದ್ದಿ ಬಿಡಬಾರದು, ಆ ಸುದ್ದಿ ಚೀಟಿಯಾಗಿ, ಚೀಟಿ ಕಸವಾಗುತ್ತದೆ. ಬೆಳಿಗ್ಗೆ ಒಂಬತ್ತಕ್ಕೆ ಮುಂಚೆ, ಸಂಜೆ ಆರರ ಮೇಲೆ ಮಾಡಿನೋಡಬೇಕು. ಬಾಗಿಲ ಮೇಜು ಖಾಲಿ ಇರುವಾಗ ಸಾಹೇಬರೇ ಎತ್ತುವುದುಂಟು. ಎಲ್ಲಕ್ಕಿಂತ ಮುಖ್ಯವಾಗಿ, ಸುಳ್ಳು ಹೇಳಕೂಡದು. ಅದು ಧರ್ಮದ ಮಾತೇನಲ್ಲ. ಸುಳ್ಳು ಹೇಳಿ ಒಂದು ಸಲ ಒಳಗೆ ಹೋಗಬಹುದು, ಎರಡನೇ ಸಲ ಹೋಗುವುದಕ್ಕೆ ಬಾಗಿಲೇ ಇರುವುದಿಲ್ಲ, ಅಷ್ಟೆ.

ಇಷ್ಟೆಲ್ಲ ಬಲ್ಲವಳಿಗೂ ದಾಟಲಾಗದವರು ಇಬ್ಬರಿದ್ದರು. ಒಬ್ಬರು ಅವಳ ಅತ್ತೆ. ಮನೆಗೆ ಫೋನ್ ಮಾಡಿದರೆ ಆ ಮುದುಕಿ ಎತ್ತಿ, ಯಾರು ಎಂದು ಮೂರು ಸಲ ಕೇಳಿ, ಸೊಸೆ ಆಫೀಸಿಗೆ ಹೋಗಿದ್ದಾಳೆ ಎಂದು ಸೊಸೆಗೇ ಹೇಳಿ ಇಟ್ಟುಬಿಡುತ್ತಿತ್ತು. ಇನ್ನೊಬ್ಬಳು ಕಡಲೆ.

ಕಡಲೆ ಅಂದರೆ ಕಬ್ಬಿಣದ ಕಡಲೆ. ಬಸ್ಸಿನಲ್ಲಿ ಐದು ಗಂಟೆಯ ದೂರದ ಊರಿನ ಒಂದು ಶರ್ಟ್ ಹೊಲಿಯುವ ಕಾರ್ಖಾನೆಯ ರಿಸೆಪ್ಷನಿಸ್ಟ್. ನಾಲ್ಕು ಮಹಡಿ, ಮುನ್ನೂರು ಹೊಲಿಗೆ ಯಂತ್ರ, ಯಂತ್ರಕ್ಕೊಬ್ಬ ಹೆಂಗಸು, ಎಲ್ಲೆಲ್ಲೂ ಬಟ್ಟೆ. ಸಿಲಿಂಡರ್ ಮಾರುವವರಿಗೆ ಬಾಯಲ್ಲಿ ನೀರೂರುವ ಜಾಗ. ಅಲ್ಲಿ ಎಲ್ಲ ನಿರ್ಧಾರವೂ ದೊಡ್ಡ ಸಾಹೇಬರೊಬ್ಬರದೇ. ಒಂದು ಡಜನ್ ಪೊರಕೆ ಕೊಳ್ಳುವುದಕ್ಕೂ ಅವರ ಸಹಿ ಬೇಕು. ಆ ಸಾಹೇಬರನ್ನು ಕಡಲೆ ಕಣ್ಣಿನ ರೆಪ್ಪೆಯ ಹಾಗೆ ಕಾಯುತ್ತಿದ್ದಳು. ಟಪಾಲು ಒಡೆಯುವವಳೂ ಅವಳೇ. ದೊಡ್ಡಕ್ಕ ಹನ್ನೊಂದು ತಿಂಗಳು ಹೆಣಗಿದಳು. ಮಗನ ಬಗ್ಗೆ ಕೇಳಿದರೆ ನನಗೆ ಮಕ್ಕಳಿಲ್ಲ ಎಂದಳು. ಇವತ್ತು ಸೆಖೆ ಜಾಸ್ತಿ ಅಂದರೆ ಹೌದಾ ಎಂದಳು. ಆ ಕಾರ್ಡಿನಲ್ಲಿ ಬೇರೇನೂ ಬರೆಯಲು ಸಿಗದೆ ದೊಡ್ಡಕ್ಕ ಒಂದು ಕಡಲೆಕಾಳಿನ ಚಿತ್ರ ಬಿಡಿಸಿದ್ದಳು.

ಆ ವರ್ಷ ವ್ಯಾಪಾರ ತೀರ ಕುಸಿದಿತ್ತು. ಯಜಮಾನರು ಗಾಜಿನ ಕೋಣೆಯಿಂದ ಹೊರಗೆ ಬಂದು ದೊಡ್ಡಕ್ಕನ ಮುಂದೆ ಒಂದು ಹಾಳೆ ಇಟ್ಟರು. ಇನ್ನು ಮೇಲೆ ಹೀಗೇ ಮಾತಾಡಬೇಕು ಎಂದರು. ಹಾಳೆಯಲ್ಲಿದ್ದದ್ದು ಇಷ್ಟು: ನಿಮ್ಮ ಕಟ್ಟಡದ ಸುರಕ್ಷತೆಯ ಬಗ್ಗೆ ಒಂದು ತುರ್ತು ವಿಷಯವಿದೆ, ಜೀವದ ಪ್ರಶ್ನೆ, ಮಾಲೀಕರಿಗೆ ಮಾತ್ರ ಹೇಳತಕ್ಕದ್ದು. ದೊಡ್ಡಕ್ಕ ಎರಡು ದಿನ ಆ ಹಾಳೆಯನ್ನು ಡಬ್ಬದ ಕೆಳಗೆ ಇಟ್ಟುಕೊಂಡಳು. ಮಗಳ ಕಾಲೇಜು ಇನ್ನೂ ಎರಡು ವರ್ಷವಿತ್ತು. ಮೂರನೇ ದಿನ ಕಡಲೆಗೆ ಫೋನ್ ಹಚ್ಚಿ, ಕಣ್ಣು ಮುಚ್ಚಿಕೊಂಡು, ಹಾಳೆಯಲ್ಲಿದ್ದದ್ದನ್ನು ಒಪ್ಪಿಸಿದಳು.

ಹನ್ನೊಂದು ತಿಂಗಳು ಅಲುಗಾಡದ ಬಾಗಿಲು ಅರ್ಧ ನಿಮಿಷದಲ್ಲಿ ತೆರೆಯಿತು. ಸಾಹೇಬರು ಯಾರೋ ಅಧಿಕಾರಿ ಎಂದುಕೊಂಡು ಮೀಟಿಂಗು ಬಿಟ್ಟು ಎದ್ದು ಬಂದರಂತೆ. ಸಿಲಿಂಡರ್ ತುಂಬಿಸುವ ವ್ಯಾಪಾರ ಅಂತ ಗೊತ್ತಾದ ಮೇಲೆ ಒಂದಷ್ಟು ಹಾರಾಡಿದರು. ಆದರೆ ತಪಾಸಣೆಯವರು ಬರುವ ದಿನ ಹತ್ತಿರವಿತ್ತು, ಅವರ ಹಳೇ ಗುತ್ತಿಗೆದಾರ ಕೈಕೊಟ್ಟಿದ್ದ. ಹಾಗಾಗಿ ಅರವತ್ತೆರಡು ಸಿಲಿಂಡರುಗಳ ಕೆಲಸ ನಮಗೇ ಸಿಕ್ಕಿತು. ಇನ್ನು ಮುಂದಿನದೆಲ್ಲ ಸ್ಟೋರಿನವನ ಹತ್ತಿರ ಮಾತಾಡಿ, ನನಗೆ ಫೋನ್ ಮಾಡಕೂಡದು ಎಂದು ಹೇಳಿ ಸಾಹೇಬರು ಇಟ್ಟರು. ಯಜಮಾನರು ಎಲ್ಲರಿಗೂ ಸಿಹಿ ತರಿಸಿದರು. ದೊಡ್ಡಕ್ಕ ತನ್ನ ಪಾಲನ್ನು ಅತ್ತೆಗೆ ಅಂತ ಕಟ್ಟಿಕೊಂಡಳು.

ಮಾರನೇ ವಾರ ಸ್ಟೋರಿನವನಿಗೆಂದು ಮಾಡಿದಾಗ ಕಡಲೆ ಎತ್ತಿದಳು. ಸುಳ್ಳು ನಂಬಿ ಒಳಗೆ ಬಿಟ್ಟದ್ದಕ್ಕೆ ಸಾಹೇಬರು ಅವಳನ್ನು ಕಚೇರಿಯವರೆಲ್ಲರ ಮುಂದೆ ನಿಲ್ಲಿಸಿ ಬೈದಿದ್ದರು, ಇನ್ನೊಂದು ಸಲ ಆದರೆ ಕೆಲಸವಿಲ್ಲ ಎಂದು ಕಾಗದ ಕೊಟ್ಟಿದ್ದರು. ಅದನ್ನು ಅವಳು ಏರುದನಿಯಿಲ್ಲದೆ ಹೇಳಿದಳಂತೆ. "ಜೀವದ ಪ್ರಶ್ನೆ ಅಂದ್ರಿ, ನಂಬಿದೆ. ಇನ್ನು ನಿಮ್ಮ ಧ್ವನಿ ಕೇಳಿದ್ರೆ ಫೋನ್ ಇಡ್ತೀನಿ." ಆ ದಿನ ದೊಡ್ಡಕ್ಕ ಮಧ್ಯಾಹ್ನದ ಡಬ್ಬಿ ಬಿಚ್ಚಲಿಲ್ಲ.

ಐದು ತಿಂಗಳು ಕಳೆಯಿತು. ಒಂದು ಬೆಳಿಗ್ಗೆ, ನಮ್ಮಲ್ಲಿ ಸಿಲಿಂಡರಿಗೆ ಗ್ಯಾಸು ತುಂಬುವ ಗ್ಯಾಸಣ್ಣ ಮೇಲೆ ಬಂದ. ಸಾಮಾನ್ಯವಾಗಿ ಮೆಟ್ಟಿಲು ಹತ್ತುವ ಆಸಾಮಿಯಲ್ಲ. ಒಂದು ಶಾಲೆಯಿಂದ ವಾಪಸ್ ಬಂದ ಎಂಟು ಸಿಲಿಂಡರಲ್ಲಿ ಎಂಟೂ ಸತ್ತಿವೆ ಎಂದ. ಪುಡಿ ಇದೆ, ಅದನ್ನು ಹೊರಗೆ ತಳ್ಳುವ ಗ್ಯಾಸಿಲ್ಲ. ಐದು ತಿಂಗಳ ಹಿಂದೆ ಯಜಮಾನರು ಅಗ್ಗಕ್ಕೆ ತರಿಸಿದ ರಬ್ಬರ್ ಉಂಗುರ ಹಾಕಿ ಬಾಯಿ ಬಿಗಿದಿದ್ದೆವು, ಆ ಉಂಗುರ ಗಟ್ಟಿಯಾಗಿ ಬಿರುಕು ಬಿಟ್ಟು ಗ್ಯಾಸು ಸೋರಿಹೋಗಿದೆ. ಅದೇ ಉಂಗುರ ಹಾಕಿ ಏಳು ಕಡೆಗೆ ಕಳಿಸಿದ್ದೇವೆ. ಏಳನೆಯದು ಶರ್ಟ್ ಕಾರ್ಖಾನೆ.

ಗಾಜಿನ ಕೋಣೆಯಲ್ಲಿ ಅರ್ಧ ಗಂಟೆ ಮಾತಾಯಿತು. ಹೊರಗೆ ಬಂದ ದೊಡ್ಡಕ್ಕನ ಮುಖ ಬಿಳಚಿಕೊಂಡಿತ್ತು. ಯಜಮಾನರ ತೀರ್ಮಾನ ಹೀಗಿತ್ತು: ಯಾರಿಗೂ ಏನೂ ಹೇಳುವುದು ಬೇಡ. ವರ್ಷ ತುಂಬಿದಾಗ ಹೇಗೂ ತುಂಬಿಸಲು ವಾಪಸ್ ಬರುತ್ತವೆ, ಆಗ ಉಂಗುರ ಬದಲಿಸಿದರಾಯಿತು. ಈಗ ಬಾಯಿ ಬಿಟ್ಟರೆ ಕಂಪನಿ ಮುಚ್ಚಬೇಕಾಗುತ್ತದೆ. ವರ್ಷ ತುಂಬಲು ಇನ್ನೂ ಏಳು ತಿಂಗಳಿತ್ತು. ಅಷ್ಟರೊಳಗೆ ಎಲ್ಲಾದರೂ ಬೆಂಕಿ ಬಿದ್ದರೆ ಎಂದು ದೊಡ್ಡಕ್ಕ ಕೇಳಿದ್ದಕ್ಕೆ, ಹದಿನೆಂಟು ವರ್ಷದಲ್ಲಿ ಎಷ್ಟು ಕಡೆ ಬಿದ್ದಿದೆ ಹೇಳು ಎಂದರಂತೆ.

ಅವಳು ವಾದ ಮಾಡಲಿಲ್ಲ. ಯಜಮಾನರು ಒಂದು ಗಂಟೆಗೆ ಊಟಕ್ಕೆ ಮನೆಗೆ ಹೋಗಿ ಎರಡಕ್ಕೆ ಬರುವುದು ರೂಢಿ. ಆ ಒಂದು ಗಂಟೆಯನ್ನು ಅವಳು ಹಿಡಿದುಕೊಂಡಳು. ಶಾಲೆಯವರಿಗೆ ಗೊತ್ತೇ ಇತ್ತು, ಬೇರೆ ಸಿಲಿಂಡರ್ ಹಾಕಿಸಿಕೊಳ್ಳುವ ತನಕ ಹುಷಾರು ಎಂದಳು. ಉಳಿದ ಐದು ಕಡೆ ಎರಡು ದಿನದಲ್ಲಿ ಮುಗಿಯಿತು. ಆ ಐದೂ ಕಡೆ ಫೋನೆತ್ತುವವರು ಅವಳ ಹಳೇ ಪರಿಚಯದವರು. ಮಗನ ಪರೀಕ್ಷೆ ಏನಾಯಿತಮ್ಮ ಎಂದು ಕೇಳಿ, ಒಂದು ಮುಖ್ಯ ಮಾತಿದೆ, ಸಾಹೇಬರಿಗೇ ಕೊಡು ಅಂದರೆ ಕೊಟ್ಟರು. ಯಜಮಾನರು ಕೇಳಿದರೆ ನಾನೇನೂ ನೋಡಿಲ್ಲ ಅನ್ನು ಎಂದು ನನಗೆ ಹೇಳಿಕೊಟ್ಟಿದ್ದಳು. ನಾನು ಟೈಪ್ ಮಾಡುವವಳ ಹಾಗೆ ನಟಿಸುತ್ತ ಖಾಲಿ ಕಾಗದದ ಮೇಲೆ ಅಕ್ಷರ ಕುಟ್ಟುತ್ತಿದ್ದೆ.

ಏಳನೆಯದು ಉಳಿಯಿತು.

ಮೊದಲ ದಿನ ಅವಳು ನಮಸ್ಕಾರ ಅನ್ನುವಷ್ಟರಲ್ಲಿ ಕಡಲೆ ಇಟ್ಟಳು. ಸ್ಟೋರಿನವನನ್ನು ಕೇಳಿದರೆ ಅವನು ಕೆಲಸ ಬಿಟ್ಟು ತಿಂಗಳಾಗಿತ್ತು. ಎರಡನೇ ದಿನ ಬೆಳಿಗ್ಗೆ ಎಂಟೂವರೆಗೆ, ಬಸ್ ಸ್ಟ್ಯಾಂಡಿನ ಫೋನ್ ಬೂತಿನಿಂದ ಮಾಡಿದಳು, ಸಾಹೇಬರೇ ಎತ್ತಬಹುದು ಎಂದು. ಎತ್ತಿದ್ದು ಕಾವಲುಗಾರ, ನನಗೇನೂ ಗೊತ್ತಿಲ್ಲ ತಾಯಿ ಎಂದ. ಮೂರನೇ ದಿನ ಊಟದ ಹೊತ್ತಿಗೆ ಬದಲಿಯವಳು ಸಿಕ್ಕಳು. ಅವಳು ಸಾಹೇಬರಿಗೆ ಕೊಡಲು ನನಗೆ ಅನುಮತಿಯಿಲ್ಲ ಎಂದು ಚೀಟಿ ಬರೆದುಕೊಂಡಳು. ಆ ಚೀಟಿ ಹೋದದ್ದು ಕಡಲೆಯ ಮೇಜಿಗೆ. ನಾಲ್ಕನೇ ದಿನ ದೊಡ್ಡಕ್ಕ ತನ್ನ ಬತ್ತಳಿಕೆಯ ಕೊನೇ ಬಾಣ ತೆಗೆದಳು. ಎಂಥ ಕಂಪನಿಯಾದರೂ ಸರಕು ಮಾರುವ ವಿಭಾಗದವರು ಫೋನ್ ಎತ್ತಿಯೇ ಎತ್ತುತ್ತಾರೆ. ಅವರ ಬೇರೆ ನಂಬರಿಗೆ ಮಾಡಿ, ನನಗೆ ಬೇಕಾದ್ದು ಸಾಹೇಬರ ಕೋಣೆ, ಸ್ವಲ್ಪ ಆ ಕಡೆ ತಿರುಗಿಸಿ ಎಂದಳು. ಒಳಗಿನಿಂದಲೇ ಬಂದ ಫೋನೆಂದು ಸಾಹೇಬರು ಎತ್ತುತ್ತಾರೆ ಅಂತ ಲೆಕ್ಕ. ಗಂಟೆ ಬಾರಿಸಿತು. ಎತ್ತಿದ್ದು ಕಡಲೆ. ಸಾಹೇಬರು ಹೊರಗೆ ಹೋದಾಗಲೆಲ್ಲ ಅವರ ಕೋಣೆಯ ಫೋನು ತನ್ನ ಮೇಜಿಗೆ ಬರುವ ಹಾಗೆ ಅವಳು ಮಾಡಿಟ್ಟಿದ್ದಳು.

"ಎಷ್ಟು ಕಳ್ಳದಾರಿ ಗೊತ್ತು ನಿಮಗೆ," ಎಂದು ಇಟ್ಟಳು.

ದೊಡ್ಡಕ್ಕ ನನ್ನ ಕಡೆ ತಿರುಗಿದಳು. ನನ್ನ ಧ್ವನಿ ಅವಳಿಗೆ ಗೊತ್ತು, ನಿನ್ನದು ಗೊತ್ತಿಲ್ಲ, ನೀನೊಂದು ಸಲ ಮಾತಾಡು ಪುಟ್ಟಿ ಎಂದು ಕೇಳಿದಳು. ಅವಳು ನನ್ನನ್ನು ಏನಾದರೂ ಕೇಳಿದ್ದು ಅದೇ ಮೊದಲು. ನನಗೆ ಕೆಲಸ ಸಿಕ್ಕಿ ಎಂಟು ತಿಂಗಳಾಗಿತ್ತು, ಮನೆಯಲ್ಲಿ ದುಡಿಯುವವಳು ನಾನೊಬ್ಬಳೇ. ನನ್ನಿಂದಾಗಲ್ಲ ದೊಡ್ಡಕ್ಕ ಎಂದೆ. ಅವಳು ಆಯ್ತು ಬಿಡು ಎಂದಳು. ಬೇಸರ ಮಾಡಿಕೊಂಡಿದ್ದರೆ ನನಗೆ ಹಗುರವಾಗುತ್ತಿತ್ತು.

ಐದನೇ ದಿನ ಒಂದೂವರೆಗೆ ಅವಳು ಕಾರ್ಡನ್ನು ಡಬ್ಬದಿಂದ ತೆಗೆಯಲೇ ಇಲ್ಲ. ನಂಬರು ಬಾಯಿಗೇ ಬರುತ್ತಿತ್ತು. ಕಡಲೆ ಎತ್ತಿದ ಕೂಡಲೆ ಒಂದೇ ಉಸಿರಿಗೆ ಹೇಳಿದಳು, "ಇಡಬೇಡಿ. ನನಗೆ ಸಾಹೇಬರು ಬೇಡ. ನಿಮ್ಮ ಹತ್ತಿರವೇ ಮಾತಾಡಬೇಕು."

ಆ ಕಡೆಯಿಂದ ಇಟ್ಟ ಸದ್ದು ಬರಲಿಲ್ಲ. ಇವಳು ಮುಂದುವರಿಸಿದಳು. ಆವತ್ತು ನಾನು ಹೇಳಿದ್ದು ಸುಳ್ಳು, ನಿಮಗೆ ಬೈಗುಳ ತಿನ್ನಿಸಿದವಳು ನಾನು, ಕ್ಷಮಿಸಿ ಅಂತ ಕೇಳುವ ಮುಖವೂ ನನಗಿಲ್ಲ ಎಂದಳು. ಧ್ವನಿಯಲ್ಲಿದ್ದ ಇಪ್ಪತ್ತರ ಹುಡುಗಿ ಎಲ್ಲೋ ಹೋಗಿದ್ದಳು. ನಲವತ್ತಾರರ ಹೆಂಗಸು ಮಾತಾಡುತ್ತಿದ್ದಳು.

"ನನ್ನ ಮಾತು ನಂಬಬೇಡಿ. ನಿಮ್ಮ ಮೇಜಿನ ಹತ್ತಿರ ಗೋಡೆಗೆ ಒಂದು ಕೆಂಪು ಸಿಲಿಂಡರ್ ಇರುತ್ತೆ. ಅದರ ಕುತ್ತಿಗೆ ಹತ್ತಿರ, ಒಳಗೆ ಗ್ಯಾಸ್ ಇದೆಯೋ ಇಲ್ವೋ ತೋರಿಸೋ ಕಾಸಿನಗಲ ಗಡಿಯಾರ ಇದೆ. ಮುಳ್ಳು ಹಸಿರಲ್ಲಿದೆಯೋ ಕೆಂಪಲ್ಲಿದೆಯೋ, ಅಷ್ಟು ನೋಡಿ ಬನ್ನಿ."

ರಿಸೀವರನ್ನು ಮೇಜಿನ ಮೇಲಿಟ್ಟ ಸದ್ದು ನನಗೂ ಕೇಳಿಸಿತು. ಕುರ್ಚಿ ಸರಿದದ್ದು ಕೇಳಿಸಿತು. ಆಮೇಲೆ ತುಂಬ ಹೊತ್ತು ಏನೂ ಇಲ್ಲ. ದೊಡ್ಡಕ್ಕ ವೈರನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು.

"ಕೆಂಪಲ್ಲಿದೆ," ಎಂದಳು ಕಡಲೆ. "ಕ್ಯಾಂಟೀನ್ ಬಾಗಿಲದ್ದೂ ನೋಡಿದೆ. ಅದೂ ಕೆಂಪು. ಸಾಹೇಬರು ಮೂರು ಗಂಟೆಗೆ ಬರ್ತಾರೆ. ನೀವು ಅಲ್ಲೇ ಇರಿ, ನಾನೇ ಫೋನ್ ಹಚ್ಚಿ ಕೊಡ್ತೀನಿ."

ನನ್ನ ಮನೆ ನಂಬರ್ ಬರ್ಕೊಳ್ಳಿ ಎನ್ನಲು ದೊಡ್ಡಕ್ಕ ಬಾಯಿ ತೆರೆದಳು. ಅಷ್ಟರಲ್ಲಿ ಒಂದು ಬೆರಳು ಬಂದು ಫೋನಿನ ಗುಂಡಿಯನ್ನು ಒತ್ತಿ ಹಿಡಿಯಿತು. ಯಜಮಾನರು ಆವತ್ತು ಬೇಗ ಬಂದಿದ್ದರು. ಆ ಐದು ಕಡೆಯವರಲ್ಲಿ ಒಬ್ಬರು ಮನೆಗೇ ಫೋನ್ ಮಾಡಿ ಜಗಳ ತೆಗೆದಿದ್ದರು.

ಅವರು ಕೂಗಾಡಲಿಲ್ಲ. ಇವತ್ತಿನವರೆಗಿನ ಸಂಬಳ ಮನೆಗೆ ಬರುತ್ತೆ, ಎದ್ದು ಹೋಗು ಎಂದರು. ಅವಳು ಚಪ್ಪಲಿ ಡಬ್ಬ ಎತ್ತಿಕೊಂಡಾಗ ಅದು ಕಂಪನಿಯದು ಎಂದರು. ಹದಿನೆಂಟು ವರ್ಷದ ಅಕ್ಷರವೆಲ್ಲ ಅವಳದು, ಆದರೆ ರಟ್ಟು ಕಂಪನಿಯದು. ಅವಳು ಡಬ್ಬವನ್ನು ಮೇಜಿನ ಮೇಲಿಟ್ಟು, ಊಟದ ಡಬ್ಬಿ ಮಾತ್ರ ತೆಗೆದುಕೊಂಡಳು. ಯಜಮಾನರು ಹತ್ತಿರ ನಿಂತಿದ್ದರಿಂದ ನನ್ನ ಹತ್ತಿರ ಏನೂ ಮಾತಾಡಲಿಲ್ಲ. ನಾನೂ ತಲೆ ಎತ್ತಲಿಲ್ಲ. ಮೆಟ್ಟಿಲು ಇಳಿಯುವುದು ಕೇಳಿಸಿತು, ಅವಳ ಮಂಡಿನೋವಿಗೆ ಒಂದೊಂದು ಮೆಟ್ಟಿಲಿಗೂ ಒಂದು ತಡೆ.

ಯಜಮಾನರು ನನ್ನ ಮೇಜಿನ ಮುಂದೆ ಬಂದು ನಿಂತು ಪಾಠ ಹೇಳಿದ ಹಾಗೆ ಹೇಳಿದರು. ಕಾರ್ಖಾನೆಯಿಂದ ಯಾರಾದರೂ ಮಾಡಿದರೆ ಆಕೆ ಇಲ್ಲಿಲ್ಲ, ಕೆಲಸ ಬಿಟ್ಟಿದ್ದಾಳೆ, ಎಲ್ಲಿದ್ದಾಳೋ ಗೊತ್ತಿಲ್ಲ. ಸಿಲಿಂಡರಿನ ವಿಷಯ ಎತ್ತಿದರೆ ನಮ್ಮವರು ಮುಂದಿನ ವಾರ ಬಂದು ನೋಡುತ್ತಾರೆ. ತಿಳಿಯಿತೇನಮ್ಮ ಎಂದರು. ತಿಳಿಯಿತು ಸಾರ್ ಎಂದೆ. ಗಾಜಿನ ಕೋಣೆಗೆ ಹೋಗಿ ನನ್ನ ಕಡೆಗೇ ಮುಖ ಮಾಡಿ ಕೂತರು.

ಮೂರೂ ಇಪ್ಪತ್ತಕ್ಕೆ ಫೋನ್ ಬಂತು. ದೊಡ್ಡಕ್ಕನ ಹೆಸರು ಹೇಳಿ, ಅವರನ್ನ ಕೊಡಿ ಎಂದು ಹೆಂಗಸಿನ ಧ್ವನಿ. ಕಡಲೆಯೇ. ನನ್ನ ಬಾಯಿಂದ ಮಾತು ತಾನೇ ಬಂತು.

"ಯಾವ ವಿಷಯಕ್ಕೆ ಅಂತ ಹೇಳಲಿ?"

ನಾನು ಯಾರು, ಯಾವ ಜಾತಿಯ ಪ್ರಾಣಿ ಎಂದು ಅವಳಿಗೆ ಅರ್ಥವಾಗಿರಬೇಕು. ಆಮೇಲೆ, ನಾನು ಎಲ್ಲ ಮಹಡಿ ಸುತ್ತಿ ಬಂದೆ, ಅರವತ್ತೆರಡರಲ್ಲಿ ನಲವತ್ತೊಂದು ಕೆಂಪು, ಉಳಿದದ್ದು ಹಸಿರು, ಹಸಿರನ್ನು ನಂಬಬಹುದೋ ಇಲ್ಲವೋ ಅವರನ್ನೇ ಕೇಳಬೇಕು, ಸಾಹೇಬರು ಪಕ್ಕದಲ್ಲೇ ಇದ್ದಾರೆ ಎಂದಳು. ರಿಸೀವರ್ ಕೈ ಬದಲಾಯಿಸಿತು. ಗಂಡಸಿನ ಧ್ವನಿ, ನೆಗಡಿಯಾದ ಹಾಗೆ ಸ್ವಲ್ಪ ಗೊಗ್ಗರು. ಹನ್ನೊಂದು ತಿಂಗಳು ದೊಡ್ಡಕ್ಕ ಬೆನ್ನು ಹತ್ತಿದ ಧ್ವನಿ, ಐದು ದಿನ ಹುಡುಕಿದ ಧ್ವನಿ, ತಾನಾಗಿಯೇ ನನ್ನ ಕಿವಿಗೆ ಬಂದು ಕೂತಿತ್ತು.

"ಆ ಹೆಂಗಸನ್ನ ಕೊಡಮ್ಮ. ಆಕೆ ಬಾಯಿಂದ ಕೇಳಿದ್ರೆ ಈಗಲೇ ಕೆಲಸ ನಿಲ್ಲಿಸ್ತೀನಿ. ಇಲ್ಲಾಂದ್ರೆ ಇದೂ ಒಂದು ವ್ಯಾಪಾರದ ಆಟ ಅಂತ ತಿಳ್ಕೋತೀನಿ."

ಗಾಜಿನ ಹಿಂದಿನಿಂದ ಯಜಮಾನರು ನೋಡುತ್ತಿದ್ದರು. ದೊಡ್ಡಕ್ಕನ ಮನೆ ನಂಬರು ನನ್ನ ಮೇಜಿನ ಗಾಜಿನ ಕೆಳಗೇ ಇತ್ತು, ನನ್ನ ಮೊಣಕೈ ಅದರ ಮೇಲಿತ್ತು. ಆರು ಅಂಕಿ.

"ಅವರು ಇಲ್ಲಿಲ್ಲ ಸಾರ್. ಕೆಲಸ ಬಿಟ್ಟಿದ್ದಾರೆ," ಎಂದೆ. "ನಮ್ಮವರು ಮುಂದಿನ ವಾರ ಬಂದು ನೋಡ್ತಾರೆ."

ಸರಿ ಎಂದು ಇಟ್ಟರು. ನಾನು ಒಳ್ಳೆಯ ಕೆಲಸಗಾರ್ತಿ ಎಂಬಂತೆ ಯಜಮಾನರು ತಲೆಯಾಡಿಸಿದರು.

ಐದೂವರೆಯವರೆಗೆ ಅಲ್ಲೇ ಕೂತಿದ್ದೆ. ಅದನ್ನು ಬಚ್ಚಿಡುವುದಿಲ್ಲ. ಎದ್ದು ಹೋಗಬಹುದಿತ್ತು, ಹೊಟ್ಟೆನೋವು ಅನ್ನಬಹುದಿತ್ತು, ಕೆಳಗಿನ ಟೈರ್ ಅಂಗಡಿಯಲ್ಲಿ ಫೋನಿತ್ತು. ಇವು ಯಾವುವೂ ನನಗೆ ಹೊಳೆಯಲಿಲ್ಲ ಅಂದರೆ ಸುಳ್ಳಾಗುತ್ತದೆ, ಮೂರೂ ಹೊಳೆದವು. ಆ ಎರಡು ಗಂಟೆಯಲ್ಲಿ ಮೂರು ಪತ್ರ ಟೈಪ್ ಮಾಡಿದೆ, ಒಂದರಲ್ಲೂ ತಪ್ಪಿರಲಿಲ್ಲ. ಆ ಹೊತ್ತೆಲ್ಲ ನಾಲ್ಕು ಮಹಡಿಯಲ್ಲಿ ಮುನ್ನೂರು ಜನ ಬಟ್ಟೆಯ ರಾಶಿಯ ನಡುವೆ ಹೊಲಿಯುತ್ತಿದ್ದರು.

ಆಫೀಸು ಬಿಟ್ಟ ಮೇಲೆ ಮನೆಗೆ ಹೋಗುವ ಬಸ್ಸು ಬಂತು, ಹತ್ತಲಿಲ್ಲ. ದೊಡ್ಡಕ್ಕನ ಮನೆಯ ದಾರಿಯಲ್ಲಿ ಓಡಿದೆ. ಅವಳು ಬಾಗಿಲ ಹತ್ತಿರವೇ ಕೂತು ಒಗೆದ ಬಟ್ಟೆ ಮಡಿಸುತ್ತಿದ್ದಳು. ಅತ್ತೆ ಗೋಡೆಗೊರಗಿ ಫೋನಿನ ಪಕ್ಕ ಕೂತಿತ್ತು. ಕೆಂಪು ಕಣ್ಣಾರೆ ಕಂಡ ಮೇಲೆ ಕಡಲೆ ಸಾಹೇಬರಿಗೆ ಹೇಳಿ ಯಂತ್ರ ನಿಲ್ಲಿಸಿರುತ್ತಾಳೆ, ಏನಾದರೂ ಬೇಕಿದ್ದರೆ ನಾನು ಮನೆ ನಂಬರು ಕೊಟ್ಟಿರುತ್ತೇನೆ ಅಂತ ದೊಡ್ಡಕ್ಕ ನಂಬಿ ಕೂತಿದ್ದಳಂತೆ. ನಿಂತಲ್ಲೇ ಎಲ್ಲ ಹೇಳಿದೆ. ಯಾರು ಮಾಡಿದ್ದು, ಏನು ಹೇಳಿದ್ದು, ನಾನು ಏನಂದದ್ದು, ಎಷ್ಟು ಗಂಟೆಗೆ. ಮಧ್ಯದಲ್ಲಿ ಅಳು ಬಂತು, ಅಳುತ್ತಲೇ ಹೇಳಿದೆ.

ಅವಳು ಮಡಿಸುತ್ತಿದ್ದ ಬಟ್ಟೆಯನ್ನು ಕೆಳಗಿಟ್ಟು ಗಡಿಯಾರ ನೋಡಿದಳು. ಐದೂ ಐವತ್ತು. ಕಾರ್ಖಾನೆ ಏಳಕ್ಕೆ ಬಿಡುತ್ತದೆ. ಅತ್ತೆಯ ಮಡಿಲಿನ ಮೇಲಿಂದ ಕೈ ಚಾಚಿ ಫೋನ್ ತೆಗೆದು ನಂಬರು ತಿರುಗಿಸಿದಳು.

ಮೊದಲ ರಿಂಗಿಗೇ ಎತ್ತಿದರು. ದೊಡ್ಡಕ್ಕ ತನ್ನ ಹೆಸರು ಹೇಳಿದಳು, ಸಾಹೇಬರು ಇದ್ದಾರಾ ಎಂದಳು. ಯಾರು, ಎಲ್ಲಿಂದ, ಯಾವ ವಿಷಯ ಎಂದು ಕಡಲೆ ಏನೂ ಕೇಳಲಿಲ್ಲ. "ಒಂದ್ನಿಮಿಷ," ಅಂದಳಂತೆ, ಅಷ್ಟೆ.

ಸಾಹೇಬರ ಹತ್ತಿರ ಆಡಿದ ಮಾತು ನಾಲ್ಕು ನಿಮಿಷದ್ದು. ಹಸಿರನ್ನೂ ನಂಬಬೇಡಿ, ಎಲ್ಲದರಲ್ಲೂ ಅದೇ ಉಂಗುರ, ಅರವತ್ತೆರಡೂ ಇಳಿಸಿ ಎಂದಳು. ಬೇರೆ ಕಂಪನಿಯಿಂದ ತರಿಸಿ, ನಮ್ಮದು ಬೇಡ ಎಂದಳು. ಬರುವ ತನಕ ಯಂತ್ರ ನಿಲ್ಲಿಸಿ ಎಂದಳು. ನಿಮಗೇನು ಲಾಭ ಇದರಲ್ಲಿ ಎಂದು ಅವರು ಕೇಳಿರಬೇಕು. ನನಗೆ ಏನೂ ಇಲ್ಲ ಸಾರ್, ಇದ್ದ ಕೆಲಸ ಹೋಯ್ತು ಎಂದಳು. ಆರೂ ಹತ್ತಕ್ಕೆ ಹೆಂಗಸರನ್ನೆಲ್ಲ ಮನೆಗೆ ಕಳಿಸಿದರು ಅಂತ ಮಾರನೇ ದಿನ ಕಡಲೆ, ದೊಡ್ಡಕ್ಕ ಕೊಟ್ಟಿದ್ದ ಮನೆ ನಂಬರಿಗೆ ಫೋನ್ ಮಾಡಿ ಹೇಳಿದಳು. ಅತ್ತೆ ಎತ್ತಿ, ಸೊಸೆ ಆಫೀಸಿಗೆ ಹೋಗಿದ್ದಾಳೆ ಎಂದು ಎರಡು ಸಲ ಇಟ್ಟಿತಂತೆ. ಕಡಲೆ ಮೂರನೇ ಸಲವೂ ಮಾಡಿದಳು.

ಬೆಂಕಿ ಬೀಳಲಿಲ್ಲ. ಆವತ್ತೂ ಇಲ್ಲ, ಆಮೇಲೂ ಇಲ್ಲ. ಬೀಳದಿದ್ದದ್ದು ನನ್ನ ಅದೃಷ್ಟ, ಅದರಲ್ಲಿ ನನ್ನ ಒಳ್ಳೆಯತನ ಎಳ್ಳಷ್ಟೂ ಇಲ್ಲ. ನಮ್ಮ ಕಂಪನಿ ಮೂರು ತಿಂಗಳಲ್ಲಿ ಮುಚ್ಚಿತು, ನಾನು ಬೇರೆ ಆಫೀಸಿನ ಬೇರೆ ಬಾಗಿಲಿಗೆ ಹೋದೆ. ದೊಡ್ಡಕ್ಕನಿಗೆ ಮತ್ತೆ ಫೋನಿನ ಕೆಲಸ ಸಿಗಲಿಲ್ಲ. ಒಂದು ಔಷಧಿ ಅಂಗಡಿಯಲ್ಲಿ ನಿಂತು ಕೆಲಸ ಮಾಡಿದಳು, ಆ ಮಂಡಿ ಇಟ್ಟುಕೊಂಡು. ಮಗಳ ಓದು ಮುಗಿಯಿತು.

ಆ ಸಂಜೆ ಫೋನ್ ಇಟ್ಟ ಮೇಲೆ ಅವಳು ನನ್ನನ್ನು ಬೈಯುತ್ತಾಳೆ ಅಂತ ಕಾದೆ. ಬೈಯಲಿಲ್ಲ. ಒಳಗೆ ಹೋಗಿ ಒಂದು ಲೋಟ ನೀರು ತಂದು ನನ್ನ ಕೈಗೆ ಕೊಟ್ಟಳು. ಮತ್ತೆ ಬಟ್ಟೆ ಮಡಿಸಲು ಕೂತಳು. ನಾನು ನೀರು ಕುಡಿದು ಮುಗಿಸಿದ ಮೇಲೆ ಮಡಿಸುತ್ತಲೇ ಹೇಳಿದಳು.

"ಹದಿನೆಂಟು ವರ್ಷ ಯಾರಾರನ್ನೋ ದಾಟೋದು ಹೇಗೆ ಅಂತ ತಲೆ ಕೆಡಿಸಿಕೊಂಡೆ ಪುಟ್ಟಿ. ನೀನು ಪಕ್ಕದಲ್ಲೇ ಕೂತಿದ್ದೆ. ನಿನಗೊಂದು ಕಾರ್ಡ್ ಬರೆಯಬೇಕು ಅಂತ ನನಗೆ ಅನ್ನಿಸಲೇ ಇಲ್ಲ."